ಫೋನಿಗೆ 46 ಹಾಕಿದರೂ ಸ್ಕ್ಯಾನ್ ಕಳುಹಿಸುವಾಗ ಮಾತು ತುಂಡಾಗುತ್ತಿದೆ, ಮುಂದೇನು ಮಾಡಬೇಕು?

ತುಮಕೂರು_ಸ್ಕ್ಯಾನ್:
ತುಮಕೂರಿನ ಬಿ.ಎಚ್. ರಸ್ತೆಯ ಹತ್ತಿರ ಒಂದು ಸ್ಕ್ಯಾನ್ ಕೇಂದ್ರದ ಆಡಳಿತ ನೋಡಿಕೊಳ್ಳುತ್ತೇನೆ. ಸಿ.ಟಿ. ಮುಗಿದ ಕೂಡಲೇ ಚಿತ್ರಗಳು ಬೆಂಗಳೂರಿನಲ್ಲಿರುವ ರೇಡಿಯಾಲಜಿ ವೈದ್ಯರಿಗೆ ಹೋಗುತ್ತವೆ, ವರದಿ ಅಲ್ಲಿಂದ ಬರುತ್ತದೆ. ಚಿತ್ರಗಳು ಹೋಗುತ್ತಿರುವಷ್ಟು ಹೊತ್ತು ಸ್ವಾಗತ ಕೌಂಟರಿನ ಐಪಿ ಫೋನುಗಳಲ್ಲಿ ಮಾತು ತುಂಡಾಗುತ್ತದೆ. ಸುಮಾರು ಎರಡು ನಿಮಿಷ ಕಾಟ, ಆಮೇಲೆ ತಾನಾಗಿಯೇ ಸರಿಯಾಗುತ್ತದೆ. ಇನ್ನೊಂದು ರೋಗಿಯ ಸ್ಕ್ಯಾನ್ ಮುಗಿದರೆ ಮತ್ತೆ ಅದೇ ಕಥೆ. ಎದುರಿನವರ ಮಾತು ನಮಗೆ ಚೆನ್ನಾಗಿ ಕೇಳಿಸುತ್ತದೆ, ನಮ್ಮ ಮಾತು ಅವರಿಗೆ ಕೇಳಿಸುವುದಿಲ್ಲ. ಪಾವಗಡ, ಮಧುಗಿರಿ ಕಡೆಯಿಂದ ‘ಖಾಲಿ ಹೊಟ್ಟೆಯಲ್ಲಿ ಬರಬೇಕೇ’ ಎಂದು ಕೇಳಲು ಕರೆ ಮಾಡಿದವರು ಉತ್ತರ ಕೇಳಿಸದೆ ಇಟ್ಟುಬಿಡುತ್ತಾರೆ. ಕೊನೆಗೆ ತಿಂಡಿ ತಿಂದು ಬರುತ್ತಾರೆ, ಅವರ ಬಸ್ ಖರ್ಚೂ ದಿನವೂ ವ್ಯರ್ಥ.

ಸಂಪರ್ಕ ಸ್ಥಳೀಯ ಕೇಬಲ್ ಆಪರೇಟರದು. ಡೌನ್‌ಲೋಡ್ 100 ಎಂಬಿಪಿಎಸ್, ಅಪ್‌ಲೋಡ್ 20. ರೂಟರಿನಲ್ಲಿ OpenWrt ಇದೆ. ಮಾತಿನ ಪ್ಯಾಕೆಟ್‌ಗಳಿಗೆ ಆದ್ಯತೆ ಸಿಗಲಿ ಎಂದು ಫೋನುಗಳ ಸೆಟ್ಟಿಂಗಿನಲ್ಲಿ ಆರ್‌ಟಿಪಿಗೆ 46 ಎಂಬ ಗುರುತು ಹಾಕಿಸಿದ್ದೇವೆ. ಏನೂ ವ್ಯತ್ಯಾಸವಾಗಲಿಲ್ಲ. ಸಂಖ್ಯೆಯೇ ತಪ್ಪೇ?

ಗೌರಿಬಿದನೂರು_ನೆಟ್:
ಮೇಡಂ, 46 ಅಲ್ಲ, 184 ಹಾಕಿ. ನಮ್ಮ ಕಾರ್ಖಾನೆಯ ಫೋನುಗಳಲ್ಲಿ ಇರುವುದು ಅದೇ. ಹಾಕಿದ ಕೂಡಲೇ ಸರಿಹೋಗುತ್ತದೆ.

ಶಿಡ್ಲಘಟ್ಟ:
ನಮ್ಮಲ್ಲೂ ಇದೇ ತೊಂದರೆ. ರೇಷ್ಮೆಗೂಡಿನ ಮಾರುಕಟ್ಟೆಯ ಒಳಗೆ ನಿಂತರೆ ಮೊಬೈಲ್ ಸಿಗ್ನಲ್ ಒಂದು ಕಡ್ಡಿಗೆ ಇಳಿಯುತ್ತದೆ, ಆ್ಯಪ್ ಮೂಲಕ ಮಾಡುವ ಕರೆ ಪೂರ್ತಿ ಹಾಳು. ಕರೆಯ ಕೋಡೆಕ್ ಬದಲಾಯಿಸಿ ಜಿ.729 ಮಾಡಿ ಎಂದು ಒಬ್ಬರು ಹೇಳಿದರು. ಮಾತಿನ ಗಾತ್ರ ಕಡಿಮೆಯಾದರೆ ತುಂಡಾಗುವುದೂ ಕಡಿಮೆಯಾಗಬೇಕಲ್ಲವೇ?

ಕ್ಯಾತಸಂದ್ರ:
ಶಿಡ್ಲಘಟ್ಟದವರೇ, ನಿಮ್ಮದು ಸಿಗ್ನಲ್ ಸಮಸ್ಯೆ, ಅದಕ್ಕೆ ಬೇರೆ ಔಷಧಿ. ಇವರದು ಸರತಿಯ ಸಮಸ್ಯೆ. ಕೋಡೆಕ್ ಬದಲಾಯಿಸಿದರೆ ಒಂದು ಕರೆಯ ಭಾರ 80 ಕೆಬಿಪಿಎಸ್ಸಿನಿಂದ 24ಕ್ಕೆ ಇಳಿಯುತ್ತದೆ, ನಿಜ. ಆದರೆ ಫೈಲಿನ ಪ್ಯಾಕೆಟ್‌ಗಳ ಹಿಂದೆ ನಿಂತ ಮೇಲೆ ಸಣ್ಣ ಪ್ಯಾಕೆಟೂ ದೊಡ್ಡ ಪ್ಯಾಕೆಟೂ ಅಷ್ಟೇ ಹೊತ್ತು ಕಾಯುತ್ತವೆ.

ಮೇಡಂ, ನೀವು ಬರೆದ ಒಂದು ಸಾಲು ಬಹಳ ಉಪಯುಕ್ತ: ಅವರ ಮಾತು ನಿಮಗೆ ಕೇಳಿಸುತ್ತದೆ, ನಿಮ್ಮದು ಅವರಿಗೆ ಕೇಳಿಸುವುದಿಲ್ಲ. ಅಂದರೆ ತೊಂದರೆ ಇರುವುದು ಅಪ್‌ಲೋಡ್ ದಿಕ್ಕಿನಲ್ಲಿ ಮಾತ್ರ. ಡೌನ್‌ಲೋಡ್ ದಿಕ್ಕನ್ನು ಈಗ ಮುಟ್ಟುವುದೇ ಬೇಡ.

46 ಮತ್ತು 184 ಎರಡೂ ಒಂದೇ ಗುರುತು. ಐಪಿ ಹೆಡರಿನ ಒಂದು ಬೈಟಿನಲ್ಲಿ ಮೇಲಿನ ಆರು ಬಿಟ್‌ಗಳು ಡಿಎಸ್‌ಸಿಪಿ ಎಂಬ ಆದ್ಯತೆಯ ಗುರುತಿಗೆ ಸೇರಿದವು, ಕೆಳಗಿನ ಎರಡು ಬಿಟ್‌ಗಳು ಬೇರೆ ಕೆಲಸಕ್ಕೆ. ಆರು ಬಿಟ್‌ಗಳನ್ನು ಮಾತ್ರ ಓದಿದರೆ 46, ಇಡೀ ಬೈಟನ್ನು ಓದಿದರೆ ಅದರ ನಾಲ್ಕರಷ್ಟು, 184. ಕೆಲವು ಫೋನುಗಳು ಡಿಎಸ್‌ಸಿಪಿ ಕೇಳುತ್ತವೆ, ಕೆಲವು ಇಡೀ ಬೈಟನ್ನು ಕೇಳುತ್ತವೆ. ನಿಮ್ಮ ಫೋನು ಯಾವುದನ್ನು ಕೇಳುತ್ತಿದೆ ಎಂದು ಊಹಿಸುವುದು ಬೇಡ, ತಂತಿಯ ಮೇಲೆ ಏನು ಬರುತ್ತಿದೆ ಎಂದು ನೋಡಿ. ಒಂದು ಕರೆ ನಡೆಯುತ್ತಿರುವಾಗ ರೂಟರಿನಲ್ಲಿ ಇದನ್ನು ಓಡಿಸಿ, ವಿಳಾಸದ ಜಾಗದಲ್ಲಿ ನಿಮ್ಮ ಫೋನಿನ ವಿಳಾಸ ಹಾಕಿ:

```
tcpdump -v -n -c 20 -i br-lan udp and src host 192.168.1.21
```

ತುಮಕೂರು_ಸ್ಕ್ಯಾನ್:
ನಮ್ಮ ತಂತ್ರಜ್ಞರಿಂದ ಓಡಿಸಿದೆ. ಎಲ್ಲ ಸಾಲುಗಳೂ ಹೀಗೆಯೇ ಇವೆ:

```
IP (tos 0x2e,ECT(0), ttl 64, ... proto UDP (17), length 200)
```

ಕ್ಯಾತಸಂದ್ರ:
ಅಲ್ಲಿಗೆ ಒಂದು ಗಂಟು ಬಿಚ್ಚಿತು. `0x2e` ಎಂದರೆ ಹತ್ತರ ಲೆಕ್ಕದಲ್ಲಿ 46. ಅಂದರೆ ನಿಮ್ಮ ಫೋನು ನೀವು ಕೊಟ್ಟ 46ನ್ನು ಇಡೀ ಬೈಟ್ ಎಂದು ತೆಗೆದುಕೊಂಡಿದೆ. ಮೇಲಿನ ಆರು ಬಿಟ್‌ಗಳನ್ನು ಬೇರೆ ಮಾಡಿದರೆ ಡಿಎಸ್‌ಸಿಪಿ 11 ಆಗುತ್ತದೆ. 11 ಎಂಬ ಗುರುತಿಗೆ ಯಾವ ರೂಟರೂ ಮಾತಿನ ಮರ್ಯಾದೆ ಕೊಡುವುದಿಲ್ಲ. ಉಳಿದ ಎರಡು ಬಿಟ್‌ಗಳು `ECT(0)` ಎಂದು ಕಾಣಿಸುತ್ತಿವೆ, ಧ್ವನಿಯ ಪ್ಯಾಕೆಟಿನಲ್ಲಿ ಅದು ಇರಬೇಕಾದದ್ದಲ್ಲ. ಹಾಗಾಗಿ ಗೌರಿಬಿದನೂರಿನವರು ಹೇಳಿದ 184 ನಿಮ್ಮ ಫೋನಿಗೆ ಸರಿ. ಹಾಕಿದ ಮೇಲೆ `tos 0xb8` ಎಂದು ಬರಬೇಕು, ಪಕ್ಕದ `ECT` ಹೋಗಬೇಕು.

ಅಂದ ಹಾಗೆ `length 200` ಎಂಬುದನ್ನೂ ಗಮನಿಸಿ. ಜಿ.711 ಕೋಡೆಕ್ 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್ ಕಳುಹಿಸುತ್ತದೆ: 160 ಬೈಟ್ ಧ್ವನಿ, 40 ಬೈಟ್ ಹೆಡರ್. ಸೆಕೆಂಡಿಗೆ 50 ಪ್ಯಾಕೆಟ್. ಈ 50 ಎಂಬ ಸಂಖ್ಯೆ ಮುಂದೆ ಬೇಕಾಗುತ್ತದೆ.

ಆದರೆ 184 ಹಾಕಿದ ಕೂಡಲೇ ಮಾತು ಸರಿಹೋಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಹಾಕಿ ನೋಡಿ ಹೇಳಿ. ಜೊತೆಗೆ ಸ್ಕ್ಯಾನ್ ಹೋಗುತ್ತಿರುವಾಗ ಹೊರಗಿನ ಯಾವುದಾದರೂ ವಿಳಾಸಕ್ಕೆ ಪಿಂಗ್ ಮಾಡಿ ಸಮಯ ಬರೆದುಕೊಳ್ಳಿ.

ತುಮಕೂರು_ಸ್ಕ್ಯಾನ್:
184 ಹಾಕಿದೆವು. `0xb8` ಬರುತ್ತಿದೆ. ಆದರೆ ಮಾತು ಹಾಗೆಯೇ ತುಂಡಾಗುತ್ತಿದೆ. ಪಿಂಗ್ ಸುಮ್ಮನಿದ್ದಾಗ 12 ಮಿಲಿಸೆಕೆಂಡ್, ಸ್ಕ್ಯಾನ್ ಹೋಗುತ್ತಿರುವಾಗ 380ರಿಂದ 430ರವರೆಗೆ ಏರಿಳಿಯುತ್ತದೆ, ನಡುವೆ ಕೆಲವು ಉತ್ತರಗಳು ಬರುವುದೇ ಇಲ್ಲ.

ಗೌರಿಬಿದನೂರು_ನೆಟ್:
ಹಾಗಾದರೆ ಆಪರೇಟರು ನಿಮ್ಮ ಗುರುತನ್ನು ಗೌರವಿಸುತ್ತಿಲ್ಲ. ಅವರಿಗೆ ಕರೆ ಮಾಡಿ 46ಕ್ಕೆ ಆದ್ಯತೆ ಕೊಡಿ ಎಂದು ಹೇಳಿ. ಇಲ್ಲವೇ ಇನ್ನೂ ದೊಡ್ಡ ಪ್ಲಾನ್ ತೆಗೆದುಕೊಳ್ಳಿ.

ಕ್ಯಾತಸಂದ್ರ:
ಸಾಮಾನ್ಯ ಇಂಟರ್‌ನೆಟ್ ಸಂಪರ್ಕದಲ್ಲಿ ಆಪರೇಟರು ನಮ್ಮ ಗುರುತನ್ನು ಓದಲಿ ಎಂದು ನಿರೀಕ್ಷಿಸುವುದು ಸರಿಯಲ್ಲ. ಓದಿದರೆ ನಾಳೆ ಎಲ್ಲರೂ ತಮ್ಮ ಸಿನಿಮಾ ಡೌನ್‌ಲೋಡಿಗೂ 46 ಹಾಕಿಕೊಳ್ಳುತ್ತಾರೆ. ಬಹಳ ಕಡೆ ಅದನ್ನು ಸೊನ್ನೆ ಮಾಡುತ್ತಾರೆ, ಇಲ್ಲವೇ ಕಂಡೂ ಕಾಣದಂತೆ ಬಿಡುತ್ತಾರೆ. ನಮಗೆ ಅವರ ಗೌರವ ಬೇಕಾಗಿಯೂ ಇಲ್ಲ, ಏಕೆಂದರೆ ಇಕ್ಕಟ್ಟು ಇರುವುದು ನಮ್ಮ ಗೋಡೆಯ ಮೇಲೆಯೇ.

ಈಗ ಆ 400 ಮಿಲಿಸೆಕೆಂಡ್ ಎಲ್ಲಿಂದ ಬಂತು ಎಂದು ನೋಡೋಣ. ಸಿ.ಟಿ.ಯ ಒಂದು ಚಿತ್ರ ಎಂದರೆ 512 ಅಡ್ಡ, 512 ಉದ್ದ, ಪ್ರತಿ ಬಿಂದುವಿಗೆ 2 ಬೈಟ್, ಒಟ್ಟು ಅರ್ಧ ಮೆಗಾಬೈಟ್. ಒಂದು ಸ್ಕ್ಯಾನಿನಲ್ಲಿ 600 ಚಿತ್ರಗಳಿದ್ದರೆ ಸಂಕುಚಿಸದೆ ಕಳುಹಿಸುವಾಗ 300 ಮೆಗಾಬೈಟಿಗೂ ಹೆಚ್ಚು. 20 ಎಂಬಿಪಿಎಸ್ಸಿನಲ್ಲಿ ಅದು ಹೋಗಲು ಎರಡು ನಿಮಿಷ ಬೇಕು. ನೀವು ಹೇಳಿದ ಎರಡು ನಿಮಿಷದ ಕಾಟ ಇದೇ. ಫೈಲ್ ಕಳುಹಿಸುವ ಸರ್ವರ್ ನಿಮ್ಮ ರೂಟರಿಗೆ ಗಿಗಾಬಿಟ್ ವೇಗದಲ್ಲಿ ಸುರಿಯುತ್ತದೆ, ರೂಟರು ಅದೇ ವೇಗದಲ್ಲಿ ಆಪರೇಟರ ಮೋಡೆಮಿಗೆ ಕೊಡುತ್ತದೆ, ಮೋಡೆಮ್ ಮಾತ್ರ 20ರ ವೇಗದಲ್ಲಿ ಹೊರಗೆ ಬಿಡುತ್ತದೆ. ಉಳಿದದ್ದೆಲ್ಲ ಅದರ ಹೊಟ್ಟೆಯಲ್ಲಿ ಸಾಲುಗಟ್ಟುತ್ತದೆ. ಅಲ್ಲಿ ಒಂದು ಮೆಗಾಬೈಟಿನಷ್ಟು ಜಾಗವಿದ್ದರೆ ಅದು ಖಾಲಿಯಾಗಲು 0.4 ಸೆಕೆಂಡ್ ಬೇಕು. ಅದೇ ನಿಮ್ಮ 400. ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಮಾತು ಸಹಜವಾಗಿರುತ್ತದೆ ಎನ್ನುವುದು ದೂರಸಂಪರ್ಕದವರ ಅಳತೆ, ಐಟಿಯು ಹೊರಡಿಸಿದ ಜಿ.114ರಲ್ಲಿದೆ. ಅದರ ಮೇಲೆ, ಆ ಹೊಟ್ಟೆ ತುಂಬಿ ತುಳುಕಿದಾಗ ಮೋಡೆಮ್ ಬಂದ ಪ್ಯಾಕೆಟ್ಟನ್ನು ಬಿಸಾಡುತ್ತದೆ. ಬಿಸಾಡಿದ್ದು ಫೈಲಿನದಾದರೆ ಸರ್ವರ್ ಮತ್ತೆ ಕಳುಹಿಸುತ್ತದೆ. ಮಾತಿನದಾದರೆ ಆ ಅಕ್ಷರ ಹೋಯಿತು.

ನಿಮ್ಮ ಕೇಂದ್ರದಲ್ಲಿಯೇ ನೋಡಿ: ವೈದ್ಯರು ಚೀಟಿಯ ಮೇಲೆ ‘ತುರ್ತು’ ಎಂದು ಬರೆದಿರುತ್ತಾರೆ. ಆದರೆ ರೋಗಿಗಳೆಲ್ಲ ನಿಂತಿರುವುದು ಚೀಟಿಯನ್ನೇ ನೋಡದ ಕೌಂಟರಿನ ಮುಂದೆಯಾದರೆ ಆ ಬರಹದಿಂದ ಏನೂ ಆಗುವುದಿಲ್ಲ. 184 ಎನ್ನುವುದು ಚೀಟಿ, ಮೋಡೆಮ್ ಅದನ್ನು ನೋಡದ ಕೌಂಟರು. ಆದ್ದರಿಂದ ಸರತಿಯನ್ನು ಮೋಡೆಮಿನಿಂದ ಕಿತ್ತು ನಿಮ್ಮ ರೂಟರಿಗೆ ತರಬೇಕು. ಅದಕ್ಕೆ ಇರುವುದು ಒಂದೇ ದಾರಿ: ಮೋಡೆಮ್ ಹೊರಗೆ ಬಿಡುವುದಕ್ಕಿಂತ ತುಸು ಕಡಿಮೆ ವೇಗದಲ್ಲಿ ರೂಟರು ಕೊಡಬೇಕು. ಆಗ ಮೋಡೆಮ್ ಸದಾ ಖಾಲಿ ಇರುತ್ತದೆ, ಸಾಲು ರೂಟರಿನಲ್ಲಿ ಕಟ್ಟುತ್ತದೆ, ಅಲ್ಲಿ ಗುರುತು ಓದುವವರು ಇರುತ್ತಾರೆ. ವೇಗ ಕಟ್ಟಿ ಸರತಿ ನೋಡಿಕೊಳ್ಳುವ ಆ ವ್ಯವಸ್ಥೆಯ ಹೆಸರು `cake`:

```
tc qdisc replace dev eth1 root cake bandwidth 17mbit diffserv4 nat
```

`eth1` ಜಾಗದಲ್ಲಿ ನಿಮ್ಮ ಹೊರಸಂಪರ್ಕದ ಹೆಸರು ಹಾಕಿ. ಇದು ರೂಟರನ್ನು ಮತ್ತೆ ಚಾಲೂ ಮಾಡಿದರೆ ಅಳಿಸಿಹೋಗುತ್ತದೆ. ಪರೀಕ್ಷೆ ಸರಿಬಂದ ಮೇಲೆ SQM ಪುಟದಲ್ಲಿ ಇದನ್ನೇ ಶಾಶ್ವತವಾಗಿ ಹಾಕಬಹುದು. ಫೈರ್‌ವಾಲ್ ಪುಟದಲ್ಲಿ ಹಾರ್ಡ್‌ವೇರ್ ಆಫ್‌ಲೋಡಿಂಗ್ ಚಾಲೂ ಇದ್ದರೆ ತೆಗೆದುಬಿಡಿ. ಅದು ಇದ್ದರೆ ಪ್ಯಾಕೆಟ್‌ಗಳು ಈ ಸರತಿಗೆ ಬರದೆ ಪಕ್ಕದ ದಾರಿಯಿಂದ ಹೋಗಿಬಿಡುತ್ತವೆ.

ಪ್ಲಾನ್ ದೊಡ್ಡದು ಮಾಡುವ ಬಗ್ಗೆ: ಕಾಟದ ಅವಧಿ ಕಡಿಮೆಯಾಗುತ್ತದೆ, ಕಾಟ ಹೋಗುವುದಿಲ್ಲ. ಫೈಲ್ ಕಳುಹಿಸುವ ಸರ್ವರ್ ಸಿಕ್ಕಷ್ಟು ವೇಗವನ್ನೂ ನುಂಗುತ್ತದೆ.

ತುಮಕೂರು_ಸ್ಕ್ಯಾನ್:
ಸರ್, 17 ಹಾಕಿ ಸ್ಕ್ಯಾನ್ ಕಳುಹಿಸಿದೆವು. ಪಿಂಗ್ 14ರಿಂದ 19ರ ನಡುವೆ ನಿಂತಿದೆ. ಮಾತು ಸ್ಪಷ್ಟವಾಗಿದೆ. ಕೌಂಟರಿನ ಹುಡುಗಿ ಒಳಗೆ ಸ್ಕ್ಯಾನ್ ಮುಗಿದದ್ದು ಗೊತ್ತೇ ಆಗಲಿಲ್ಲ ಎಂದಳು. ಇಷ್ಟು ದಿನ ಕರೆ ತುಂಡಾದಾಗಲೇ ಅವಳಿಗೆ ಗೊತ್ತಾಗುತ್ತಿತ್ತು. ಚಿತ್ರಗಳು ಹೋಗಲು ಸುಮಾರು ಎರಡೂವರೆ ನಿಮಿಷ ಬೇಕಾಯಿತು. ಅದನ್ನು ನಮ್ಮ ವೈದ್ಯರು ಒಪ್ಪಿದ್ದಾರೆ.

ಕೋಲಾರ_ಮಂಡಿ:
ನಮ್ಮದು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕಮಿಷನ್ ಮಂಡಿ. ಹರಾಜು ಮುಗಿದ ಮೇಲೆ ಕ್ಯಾಮೆರಾ ದೃಶ್ಯಗಳು ಕ್ಲೌಡಿಗೆ ಹೋಗುತ್ತವೆ, ಹೊರರಾಜ್ಯದ ವ್ಯಾಪಾರಿಗಳು ದರ ಕೇಳಲು ಕರೆ ಮಾಡುವುದೂ ಅದೇ ಹೊತ್ತಿಗೆ. ಇದನ್ನು ಓದಿ ನಾನೂ `cake` ಹಾಕಿದೆ. ಮಾತು ಮೊದಲಿಗಿಂತ ಚೆನ್ನಾಗಿದೆ, ಆದರೆ ಅಂಕಿಅಂಶದಲ್ಲಿ Voice ಅಂಕಣ ಸೊನ್ನೆಯಲ್ಲೇ ಇದೆ. ಫೋನು `0xb8` ಕಳುಹಿಸುತ್ತಿದೆ, ಖಚಿತಪಡಿಸಿಕೊಂಡಿದ್ದೇನೆ.

ಕ್ಯಾತಸಂದ್ರ:
ಅಣ್ಣಾ, ನಿಮ್ಮ ರೂಟರು ಬಳಕೆದಾರ ಹೆಸರು, ಪಾಸ್‌ವರ್ಡ್ ಹಾಕಿ ಪಿಪಿಪಿಒಇ ಮೂಲಕ ಸಂಪರ್ಕಿಸುತ್ತದೆಯೇ? ಹಾಗಿದ್ದರೆ `cake` ಅನ್ನು `eth` ಮೇಲೆ ಕೂರಿಸಿದ್ದೀರಿ ಅನ್ನಿಸುತ್ತದೆ. ಅಲ್ಲಿಗೆ ಬರುವ ಹೊತ್ತಿಗೆ ಐಪಿ ಪ್ಯಾಕೆಟಿನ ಮೇಲೆ ಪಿಪಿಪಿಒಇ ಹೊದಿಕೆ ಬಿದ್ದಿರುತ್ತದೆ. ಒಳಗಿನ ಗುರುತು ಅದಕ್ಕೆ ಕಾಣಿಸುವುದಿಲ್ಲ, ಎಲ್ಲವನ್ನೂ Best Effort ಅಂಕಣಕ್ಕೆ ಹಾಕುತ್ತದೆ. `pppoe-wan` ಮೇಲೆ ಹಾಕಿ ನೋಡಿ.

ಮೇಡಂ, ನೀವೂ ಇದನ್ನು ನೋಡಿಕೊಳ್ಳಿ:

```
tc -s qdisc show dev eth1
```

17 ಎಂಬಿಪಿಎಸ್ ಕೊಟ್ಟಾಗ `thresh` ಸಾಲು ಹೀಗಿರುತ್ತದೆ:

```
            Bulk   Best Effort     Video     Voice
thresh  1062Kbit        17Mbit  8500Kbit  4250Kbit
```

Voice ಅಂಕಣ ಒಟ್ಟು ವೇಗದ ಕಾಲು ಭಾಗದವರೆಗೆ ಮಾತ್ರ ಮೊದಲ ಸಾಲಿನಲ್ಲಿರುತ್ತದೆ. ಅದನ್ನು ದಾಟಿದರೆ ಆದ್ಯತೆ ಕಳೆದುಕೊಳ್ಳುತ್ತದೆ, ಪ್ಯಾಕೆಟ್ಟುಗಳು ಬಿಸಾಡಿಹೋಗುವುದಿಲ್ಲ. ಹಾಗಾಗಿ ಯಾರಾದರೂ ಎಲ್ಲಕ್ಕೂ 46 ಹಾಕಿ ಮೋಸ ಮಾಡಲು ಹೊರಟರೆ ಲಾಭವಿಲ್ಲ. ನಿಮ್ಮ ಒಂದು ಕರೆಗೆ 90 ಕೆಬಿಪಿಎಸ್ ಹಿಡಿದರೂ ನಾಲ್ಕು ಮೆಗಾಬಿಟ್ಟಿನಲ್ಲಿ ಒಂದೇ ಬಾರಿಗೆ ನಲವತ್ತಕ್ಕೂ ಹೆಚ್ಚು ಕರೆ ಹಿಡಿಯುತ್ತವೆ. ಪರೀಕ್ಷೆ ಸುಲಭ: ಎರಡು ಕರೆಗಳು ನಡೆಯುತ್ತಿರುವಾಗ Voice ಅಂಕಣದ `pkts` ಸೆಕೆಂಡಿಗೆ 100ರಂತೆ ಏರಬೇಕು. ಏರದಿದ್ದರೆ ಗುರುತು ಎಲ್ಲೋ ಕಳೆದುಹೋಗುತ್ತಿದೆ.

ಕೋಲಾರ_ಮಂಡಿ:
`pppoe-wan` ಮೇಲೆ ಹಾಕಿದೆ, ಈಗ Voice ಅಂಕಣ ಏರುತ್ತಿದೆ. ಧನ್ಯವಾದ.

ತಿಪಟೂರು:
ಕ್ಯಾತಸಂದ್ರದವರೇ, ಒಂದು ಮಾತು ಕೇಳಬೇಕು. ಕೋಲಾರದವರ ಅನುಭವವೇ ಹೇಳುವಂತೆ Voice ಅಂಕಣ ಸೊನ್ನೆ ಇದ್ದಾಗಲೂ ಅವರ ಮಾತು ಸುಧಾರಿಸಿತ್ತು. `cake` ಪ್ರತಿ ಹರಿವಿಗೂ ಬೇರೆ ಸಾಲು ಮಾಡಿ ಸಮನಾಗಿ ಹಂಚುತ್ತದೆ, ಅಪರೂಪಕ್ಕೆ ಪ್ಯಾಕೆಟ್ ಕಳುಹಿಸುವ ಹರಿವನ್ನು ಮೊದಲು ಬಿಡುತ್ತದೆ. ಮಾತು ಎಂದರೆ ಅಂಥದ್ದೇ. ಹಾಗಾದರೆ 46, 184 ಎಂದು ಒದ್ದಾಡುವ ಅಗತ್ಯವೇನು? ವೇಗವನ್ನು 17ಕ್ಕೆ ಕಟ್ಟಿದ್ದೇ ಸಾಕಿತ್ತು. ನಮ್ಮ ಕೊಬ್ಬರಿ ವರ್ತಕರ ಕಚೇರಿಗಳಲ್ಲಿ ಗುರುತು ಹಾಕದೆಯೇ ನಡೆಸುತ್ತಿದ್ದೇನೆ, ಯಾರೂ ದೂರಿಲ್ಲ.

ಕ್ಯಾತಸಂದ್ರ:
ಬಹುಪಾಲು ಒಪ್ಪುತ್ತೇನೆ. ನೂರರಲ್ಲಿ ತೊಂಬತ್ತು ಕೆಲಸ ಮಾಡುವುದು ವೇಗ ಕಟ್ಟುವುದೇ. ಒಂದು ಫೈಲ್, ನಾಲ್ಕು ಕರೆ ಇದ್ದಲ್ಲಿ ಗುರುತಿಲ್ಲದೆಯೂ ನಡೆಯುತ್ತದೆ. ಆದರೆ ಇವರ ಸರ್ವರ್ ಒಂದೇ ಬಾರಿಗೆ ಅನೇಕ ಸಂಪರ್ಕಗಳನ್ನು ತೆರೆಯುತ್ತದೆ, ಅದರ ಮೇಲೆ ರಾತ್ರಿ ಬ್ಯಾಕಪ್ ಬೇರೆ. ಸಾಲುಗಳು ಹೆಚ್ಚಿದಷ್ಟೂ ಒಂದು ಸುತ್ತು ಮುಗಿಯುವ ಹೊತ್ತೂ ಹೆಚ್ಚುತ್ತದೆ: 17 ಎಂಬಿಪಿಎಸ್ಸಿನಲ್ಲಿ 1500 ಬೈಟಿನ ಒಂದು ಪ್ಯಾಕೆಟಿಗೆ 0.7 ಮಿಲಿಸೆಕೆಂಡ್, 30 ಸಾಲುಗಳಿದ್ದರೆ 21 ಮಿಲಿಸೆಕೆಂಡ್. ಮಾತು ಕೆಡುವಷ್ಟಲ್ಲ ನಿಜ, ಆದರೆ ಒಂದು ಇಡೀ ಧ್ವನಿ ಪ್ಯಾಕೆಟಿನ ಅಂತರ. ಆಸ್ಪತ್ರೆಯಂಥ ಕಡೆ ಗುರುತು ಇರಲಿ ಎನ್ನುವುದು ನನ್ನ ಅಭಿಪ್ರಾಯ.

ಗುರುತು ಹಾಕುವುದಾದರೆ ಮಾತನ್ನು ಮೇಲೆತ್ತುವಷ್ಟೇ ಫೈಲನ್ನು ಕೆಳಗಿಳಿಸುವುದೂ ಒಳ್ಳೆಯದು. ಚಿತ್ರ ಕಳುಹಿಸುವ ಸರ್ವರಿನ ವಿಳಾಸಕ್ಕೆ:

```
nft add rule inet fw4 mangle_forward ip saddr 192.168.1.40 ip dscp set cs1
```

ಆಗ ಅದು Bulk ಅಂಕಣಕ್ಕೆ ಹೋಗುತ್ತದೆ. 1062 ಕೆಬಿಪಿಎಸ್ ಎಂದು ಹೆದರಬೇಡಿ, ಬೇರೆಯವರು ಬಳಸದೆ ಉಳಿದ ವೇಗವೆಲ್ಲ ಅದಕ್ಕೇ ಸಿಗುತ್ತದೆ.

ತಿಪಟೂರು:
ಮೂವತ್ತು ಸಾಲಿಗೂ ಮಾತು ಕೆಡುವುದಿಲ್ಲ ಎಂದು ನೀವೇ ಹೇಳಿದಿರಿ. ಹಾಗಿರುವಾಗ ಪ್ರತಿ ಫೋನನ್ನೂ ಕೈಯಾರೆ ಮುಟ್ಟುವ ಕೆಲಸ ಇನ್ನೊಂದು ತಪ್ಪಿಗೆ ಜಾಗ ಮಾಡಿಕೊಡುತ್ತದೆ. ಇವರ 0x2e ಆದದ್ದೂ ಹಾಗೆಯೇ. ನಾನು ಹಾಕುವುದಿಲ್ಲ.

ತುಮಕೂರು_ಸ್ಕ್ಯಾನ್:
ಮತ್ತೆ ಬಂದಿದ್ದೇನೆ ಸರ್. ಹಗಲೆಲ್ಲ ಚೆನ್ನಾಗಿದೆ. ಸಂಜೆ ಏಳು ಗಂಟೆಯಾದ ಮೇಲೆ ಸ್ಕ್ಯಾನ್ ಹೋದರೆ ಮಾತು ಮೊದಲಿನಂತೆಯೇ ತುಂಡಾಗುತ್ತಿದೆ. ಪಿಂಗ್ 300 ದಾಟುತ್ತದೆ. Voice ಅಂಕಣ ಸರಿಯಾಗಿ ಏರುತ್ತಿದೆ. ಆದರೆ `backlog` ಎಲ್ಲ ಅಂಕಣಗಳಲ್ಲೂ `0b` ತೋರಿಸುತ್ತಿದೆ.

ಕ್ಯಾತಸಂದ್ರ:
ಆ `0b` ಉತ್ತರವನ್ನು ಹೇಳುತ್ತಿದೆ. ಫೈಲ್ ಹೋಗುತ್ತಿರುವಾಗ ಸರತಿ ನಿಮ್ಮ ರೂಟರಿನಲ್ಲಿ ಇರಬೇಕಿತ್ತು. ಅಲ್ಲಿ ಸೊನ್ನೆ, ಪಿಂಗ್ ಮಾತ್ರ 300, ಅಂದರೆ ಸಾಲು ಮತ್ತೆ ಮೋಡೆಮಿಗೆ ಓಡಿಹೋಗಿದೆ. ಸಂಜೆ ಬಡಾವಣೆಯವರೆಲ್ಲ ಮನೆ ಸೇರಿ ಅದೇ ಕೇಬಲನ್ನು ಹಂಚಿಕೊಳ್ಳುವಾಗ ನಿಮ್ಮ ಅಪ್‌ಲೋಡ್ 17ಕ್ಕಿಂತ ಕೆಳಗೆ ಇಳಿಯುತ್ತಿರಬೇಕು. ನೀವು ಕಟ್ಟಿದ ಮಿತಿ ನಿಜವಾದ ವೇಗಕ್ಕಿಂತ ಮೇಲಿದ್ದರೆ ಅದು ಇದ್ದೂ ಇಲ್ಲದಂತೆ. ಏಳೂವರೆ ಹೊತ್ತಿಗೆ ಬೇರೆ ಏನೂ ನಡೆಯದಿರುವಾಗ `cake` ತೆಗೆದು ಅಪ್‌ಲೋಡ್ ಅಳೆಯಿರಿ.

ತುಮಕೂರು_ಸ್ಕ್ಯಾನ್:
14ರಿಂದ 15 ಬರುತ್ತಿದೆ.

ಕ್ಯಾತಸಂದ್ರ:
ಹಾಗಾದರೆ ಎರಡು ದಾರಿಗಳಿವೆ. ಇಡೀ ದಿನಕ್ಕೆ 13 ಕಟ್ಟಿಬಿಡಿ. ಒಂದು ಸ್ಕ್ಯಾನ್ ಹೋಗಲು ಮೂರು ಕಾಲು ನಿಮಿಷ ಬೇಕಾಗುತ್ತದೆ. ಇಲ್ಲವೇ ರೂಟರಿನ ಕ್ರಾನಿನಲ್ಲಿ ಸಂಜೆ ಆರೂವರೆಗೆ 13, ರಾತ್ರಿ ಹನ್ನೊಂದಕ್ಕೆ 17 ಎಂದು ಬದಲಾಯಿಸಿ:

```
tc qdisc change dev eth1 root cake bandwidth 13mbit
```

ವೇಗಕ್ಕೆ ತಕ್ಕಂತೆ ಮಿತಿಯನ್ನು ತಾನೇ ಏರಿಸಿ ಇಳಿಸುವ cake-autorate ಎಂಬ ಸ್ಕ್ರಿಪ್ಟ್ ಕೂಡ ಇದೆ. ಆದರೆ ಇಳಿಸುವ ಮೊದಲು ಅದು ಪಿಂಗ್ ಏರುವುದನ್ನು ನೋಡಲೇಬೇಕು. ನಿಮ್ಮಂಥ ಕಡೆ, ವೇಳೆ ಗೊತ್ತಿರುವಾಗ, ಕ್ರಾನ್ ಸಾಕು.

ಶಿಡ್ಲಘಟ್ಟ:
ನನ್ನ ಮನೆಯ ಸಂಪರ್ಕಕ್ಕೂ ಇದನ್ನು ಹಾಕಿದೆ. ನನಗೆ ತೊಂದರೆ ಡೌನ್‌ಲೋಡ್ ಮಾಡುವಾಗ, ಎದುರಿನವರ ಮಾತು ನನಗೆ ಕೇಳಿಸುವುದಿಲ್ಲ. ಅಪ್‌ಲೋಡಿಗೆ `cake` ಹಾಕಿದರೂ ಬದಲಾಗಲಿಲ್ಲ.

ತಿಪಟೂರು:
ನಿಮ್ಮದು ಎದುರು ದಿಕ್ಕು. ಆ ಸಾಲು ಆಪರೇಟರ ಕಡೆ ಕಟ್ಟುತ್ತದೆ, ನಿಮ್ಮ ಕೈಗೆ ಸಿಗುವುದಿಲ್ಲ. SQM ಪುಟದಲ್ಲಿ ಡೌನ್‌ಲೋಡಿಗೂ ನಿಜವಾದ ವೇಗಕ್ಕಿಂತ ಹತ್ತು ಹದಿನೈದು ಶೇಕಡಾ ಕಡಿಮೆ ಕಟ್ಟಿ. ಮಿತಿ ತಗಲಿದಾಗ ಆ ಕಡೆಯ ಸರ್ವರ್ ತಾನೇ ನಿಧಾನಿಸುತ್ತದೆ. ಹೊರಗಿನಿಂದ ಬರುವ ಪ್ಯಾಕೆಟಿನ ಗುರುತನ್ನು ನಂಬಬೇಡಿ, ದಾರಿಯಲ್ಲಿ ಸೊನ್ನೆಯಾಗಿರುತ್ತದೆ.

ತುಮಕೂರು_ಸ್ಕ್ಯಾನ್:
ಕ್ರಾನ್ ಹಾಕಿದೆವು, ಸಂಜೆಯೂ ಮಾತು ಸ್ಪಷ್ಟವಾಗಿದೆ. ಇನ್ನೊಂದು ಪ್ರಶ್ನೆ. ಮುಂದಿನ ತಿಂಗಳು ಫೋನುಗಳನ್ನೂ ಚಿತ್ರಗಳನ್ನೂ ಬೆಂಗಳೂರಿನ ಕಚೇರಿಗೆ ಒಂದೇ ವೈರ್‌ಗಾರ್ಡ್ ಸುರಂಗದೊಳಗೆ ಕಳುಹಿಸಬೇಕೆಂದು ಮಾಲೀಕರು ಹೇಳುತ್ತಿದ್ದಾರೆ. ಆಗ ಈ ಗುರುತುಗಳು ಉಳಿಯುತ್ತವೆಯೇ?

ಕ್ಯಾತಸಂದ್ರ:
ಉಳಿಯುವುದಿಲ್ಲ. ವೈರ್‌ಗಾರ್ಡ್ ಒಳಗಿನ ಡಿಎಸ್‌ಸಿಪಿಯನ್ನು ಹೊರಗಿನ ಹೊದಿಕೆಗೆ ನಕಲು ಮಾಡುವುದಿಲ್ಲ, ಹೊರಗೆ ಸೊನ್ನೆ ಇರುತ್ತದೆ. `eth1` ಮೇಲಿನ `cake`ಗೆ ಮಾತೂ ಚಿತ್ರವೂ Best Effort ಆಗಿಯೇ ಕಾಣುತ್ತವೆ. ಓಪನ್‌ವಿಪಿಎನ್ ಆದರೆ `passtos` ಎಂಬ ಆಯ್ಕೆ ಇದೆ. ನನ್ನನ್ನು ಕೇಳಿದರೆ ಚಿತ್ರಗಳನ್ನು ಸುರಂಗದಲ್ಲಿ ಕಳುಹಿಸಿ, ಫೋನುಗಳಿಗೆ ಎಸ್‌ಆರ್‌ಟಿಪಿ ಗೂಢಲಿಪಿ ಹಾಕಿ ಹೊರಗಿನಿಂದಲೇ ಬಿಡಿ.

ತಿಪಟೂರು:
ಸುರಂಗ ಅದೇ ರೂಟರಿನಲ್ಲಿ ಶುರುವಾಗುವುದಾದರೆ ಲಿನಕ್ಸ್ ಒಳಗಿನ ಹರಿವುಗಳ ಹ್ಯಾಶನ್ನು ಉಳಿಸಿಕೊಳ್ಳುತ್ತದೆ. ಗುರುತು ಹೋದರೂ ಸಾಲುಗಳು ಬೇರೆಯಾಗಿಯೇ ಉಳಿಯಬೇಕು. ನಾನು ಎರಡನ್ನೂ ಒಳಗೇ ಹಾಕಿ ನೋಡಿ ಎನ್ನುತ್ತೇನೆ.

ಕ್ಯಾತಸಂದ್ರ:
`fq_codel` ಜೊತೆ ಹಾಗೆ ಆಗುವುದನ್ನು ನೋಡಿದ್ದೇನೆ. `nat` ಹಾಕಿದ `cake` ಜೊತೆ ನಾನು ಪರೀಕ್ಷಿಸಿಲ್ಲ. ಮೇಡಂ, ಫೋನುಗಳನ್ನು ಒಳಗೆ ಹಾಕುವ ಮೊದಲು ಒಂದು ಫೋನನ್ನು ಮಾತ್ರ ಸುರಂಗಕ್ಕೆ ಸೇರಿಸಿ, ಇನ್ನೊಂದನ್ನು ಹೊರಗೆ ಬಿಡಿ, ದೊಡ್ಡ ಸ್ಕ್ಯಾನ್ ಹೋಗುವಾಗ ಎರಡರಿಂದಲೂ ಕರೆ ಮಾಡಿ. ಏನಾಯಿತು ಎಂದು ಇಲ್ಲಿ ಬರೆಯಿರಿ.